ಕೊಳವೆಯೊಳಗಿನ ಐದು ಮಿಲಿಲೀಟರ್

ನನಗೊಂದು ಸಣ್ಣ ಚಿಂತೆ ಹತ್ತಿತ್ತು. ಯಾರಿಗಾದರೂ ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಹೇಳಿಕೊಂಡರೆ ನಗುತ್ತಾರೆ. ನನ್ನ ಧ್ವನಿ ಹೇಗಿದೆ ಎಂಬುದು ನನಗೇ ಮರೆತುಹೋಗುತ್ತಿದೆಯೇನೋ ಎನ್ನುವ ಚಿಂತೆ. ಆ ಸೋಮವಾರ ಕಾಲೇಜಿನಲ್ಲಿ ನಾನು ಆಡಿದ ಪದಗಳನ್ನು ಎಣಿಸಿ ಡೈರಿಯಲ್ಲಿ ಬರೆದಿಟ್ಟೆ. ಹತ್ತೊಂಬತ್ತು. ಅದರಲ್ಲಿ ಆರು 'ಹ್ಞೂಂ'. ನಾಲ್ಕು ಸಲ 'ಸರಿ ಮೇಡಂ'. ಮಿಕ್ಕ ಐದು ಪದ, ಬೀಕರ್ ಒಡೆದುಕೊಂಡ ಹುಡುಗಿಯೊಬ್ಬಳಿಗೆ ಹೇಳಿದ್ದು: "ಜೋಪಾನ, ಗಾಜು ಚುಚ್ಚುತ್ತೆ, ಕೈ ತೋರಿಸು."

ಅದೇ ದಿನ ಅಕ್ಕ ಎಷ್ಟು ಮಾತಾಡುತ್ತಾಳೆ ನೋಡೋಣ ಎಂದು ಎಣಿಸಲು ಕೂತವಳು ಐದು ನಿಮಿಷಕ್ಕೇ ಕೈಬಿಟ್ಟೆ.

ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ನನಗಿಂತ ಏಳು ತಿಂಗಳಿಗೆ ದೊಡ್ಡವಳು. ಏಳು ತಿಂಗಳಿಗೆಲ್ಲ ಅಕ್ಕ ಅನ್ನಬೇಕಾ ಎಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. "ಏಳು ನಿಮಿಷ ಆದ್ರೂ ಅಕ್ಕ ಅಕ್ಕನೇ," ಅಂದಿದ್ದಳು ಅಮ್ಮ. ಅಲ್ಲಿಗೆ ನನ್ನ ಜಾಗ ನಿಗದಿಯಾಯಿತು. ಅವಳು ಹಾಕಿ ಬಿಟ್ಟ ಫ್ರಾಕು, ಅವಳು ಓದಿ ಬಿಟ್ಟ ಪುಸ್ತಕ. ಪುಸ್ತಕದ ಅಂಚಿನಲ್ಲೆಲ್ಲ ಅವಳು ಬಿಡಿಸಿದ ಮೀಸೆಗಳು. ನನಗೆ 'ಬಿರಡೆ' ಎಂದು ಹೆಸರಿಟ್ಟವಳೂ ಅವಳೇ. ಶೀಶೆಯ ಬಾಯಿಗೆ ಬಡಿಯುತ್ತಾರಲ್ಲ, ಆ ಬಿರಡೆ. ಬಾಯಿ ಬಿಡದವಳಿಗೆ ತಕ್ಕ ಹೆಸರು ಎಂದು ಮನೆಯವರೆಲ್ಲ ನಕ್ಕರು, ಹೆಸರು ನಿಂತಿತು.

ಇಬ್ಬರೂ ರಸಾಯನಶಾಸ್ತ್ರದಲ್ಲೇ ಪದವಿ ಮಾಡಿದೆವು. ಅಂಕಗಳಲ್ಲಿ ನಾನು ಮೇಲೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ಈ ಕಾಲೇಜಿನಲ್ಲಿ ಹನ್ನೊಂದನೇ ತರಗತಿಗೆ ಪಾಠ ಮಾಡುವವರು ಬೇಕಾಗಿದ್ದಾರೆ ಎಂದಾಗ ಇಬ್ಬರೂ ಅರ್ಜಿ ಹಾಕಿದೆವು. ಹತ್ತು ನಿಮಿಷ ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ನಾನು ಬೋರ್ಡಿನ ಮೇಲೆ ಬಾಯ್ಲ್ ನಿಯಮವನ್ನು ಮುತ್ತಿನಂತೆ ಬರೆದೆ: ತಾಪ ಬದಲಾಗದಿದ್ದರೆ ಅನಿಲದ ಒತ್ತಡವನ್ನು ಗಾತ್ರದಿಂದ ಗುಣಿಸಿ ಬಂದ ಗುಣಲಬ್ಧ ಬದಲಾಗದು. ಬರೆದು ತಿರುಗಿದೆ. ಮೂರು ಜನ ನನ್ನನ್ನೇ ನೋಡುತ್ತಿದ್ದರು. ಉಳಿದ ಒಂಬತ್ತು ನಿಮಿಷ ನಾನು ಸೀಮೆಸುಣ್ಣವನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತೆ.

ನನ್ನ ನಂತರ ಅಕ್ಕ ಹೋದಳು. ನಾನು ಬರೆದಿದ್ದನ್ನು ಅಳಿಸಲೂ ಇಲ್ಲವಂತೆ. "ಇಷ್ಟು ಚೆನ್ನಾಗಿ ಬರೆದಿದಾರೆ, ಇದನ್ನೇ ಹೇಳ್ತೀನಿ," ಎಂದು ಶುರುಮಾಡಿದಳಂತೆ. ಅವಳಿಗೆ ಪಾಠದ ಕೆಲಸ ಸಿಕ್ಕಿತು, ಆರು ತಿಂಗಳು ನೋಡಿ ಖಾಯಂ ಮಾಡುವ ಮಾತಿನ ಮೇಲೆ. ನನಗೆ ಅದೇ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ. ಮಕ್ಕಳು ಅವಳನ್ನು ಮಿಸ್ ಅನ್ನುತ್ತಾರೆ. ನನ್ನನ್ನು ಅಕ್ಕ ಅನ್ನುತ್ತಾರೆ. ನಾನು ಅವಳನ್ನು ಮನೆಯಲ್ಲಿ ಅಕ್ಕ ಅನ್ನುತ್ತೇನೆ, ಕಾಲೇಜಿನಲ್ಲಿ ಮೇಡಂ. ಯಾರು ಯಾರಿಗೆ ಏನು ಎಂಬ ಲೆಕ್ಕ ಆ ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ತಲೆಕೆಳಗಾಗುತ್ತದೆ.

ಪ್ರಯೋಗಾಲಯಕ್ಕೂ ಅವಳ ತರಗತಿಗೂ ನಡುವೆ ಇರುವುದು ಒಂದು ಮರದ ಬಾಗಿಲು. ನಾನು ಪ್ರನಾಳಗಳನ್ನು ತೊಳೆಯುತ್ತ ಅವಳ ಪಾಠವನ್ನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಅನಿಲ ನಿಯಮಗಳ ಅಧ್ಯಾಯ ಶುರುವಾದಾಗ ಅವಳು ಮನೆಗೆ ಬಂದು, "ಬಿರಡೆ, ನಿನ್ನ ಲೆಕ್ಕದ ನೋಟ್‌ಬುಕ್ ಕೊಡೇ. ನೀನು ಬಿಡಿಸಿದ ಹಾಗೆ ಪಠ್ಯಪುಸ್ತಕದಲ್ಲೂ ಬಿಡಿಸಿಲ್ಲ," ಎಂದು ಕೇಳಿದಳು. ಕೊಟ್ಟೆ. ಮರುದಿನ ಬಾಗಿಲಾಚೆಯಿಂದ ನನ್ನ ಲೆಕ್ಕ ಅವಳ ಧ್ವನಿಯಲ್ಲಿ ಕೇಳಿಸಿತು.

"ಬೆಳಿಗ್ಗೆ ಟೈರಿಗೆ ಗಾಳಿ ತುಂಬಿಸಿದ್ರಿ. ಮೀಟರ್ ಇನ್ನೂರು ಕಿಲೋಪ್ಯಾಸ್ಕಲ್ ತೋರಿಸ್ತು. ಒಳಗಿನ ಗಾಳಿ ಇಪ್ಪತ್ತೇಳು ಡಿಗ್ರಿ ಸೆಲ್ಸಿಯಸ್. ಗಾಡಿ ಓಡಿ ಓಡಿ ಮಧ್ಯಾಹ್ನಕ್ಕೆ ಐವತ್ತೇಳು ಡಿಗ್ರಿ ಆಯ್ತು. ಟೈರ್ ಹಿಗ್ಗಲಿಲ್ಲ ಅಂತಿಟ್ಕೊಳ್ಳಿ. ಈಗ ಮೀಟರ್ ಎಷ್ಟು ತೋರಿಸುತ್ತೆ?"

"ನಾನೂರ ಇಪ್ಪತ್ತೆರಡು ಮಿಸ್!" ಯಾರೋ ಕೂಗಿದರು.

"ನಿಮ್ಮ ಗಾಡಿಲಿ ನಾನು ಕೂರಲ್ಲಪ್ಪ!" ತರಗತಿ ಗೊಳ್ಳೆಂದಿತು. "ಇದು ಮೊದಲನೇ ಹೊಂಡ. ಎಲ್ಲರೂ ಬೀಳೋ ಹೊಂಡ. ಅನಿಲಕ್ಕೆ ಸೆಲ್ಸಿಯಸ್ ಗೊತ್ತಿಲ್ಲ. ಅದರ ಲೆಕ್ಕ ಕೆಲ್ವಿನ್‌ನಲ್ಲಿ. ಇನ್ನೂರ ಎಪ್ಪತ್ತಮೂರು ಕೂಡಿಸಿ."

"ಮುನ್ನೂರು, ಮುನ್ನೂರ ಮೂವತ್ತು. ಹಾಗಾದ್ರೆ... ಇನ್ನೂರ ಇಪ್ಪತ್ತು ಮಿಸ್."

"ಹತ್ತಿರ ಬಂದ್ರಿ, ಎರಡನೇ ಹೊಂಡಕ್ಕೆ ಬಿದ್ರಿ. ಟೈರಿನ ಮೀಟರ್ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ ಹೇಳುತ್ತೆ. ಹೊರಗಿನ ಗಾಳಿದೇ ಸುಮಾರು ನೂರು ಇದೆಯಲ್ಲ? ಅದನ್ನ ಸೇರಿಸಿ. ಒಳಗೆ ನಿಜವಾಗಿ ಇದ್ದಿದ್ದು ಮುನ್ನೂರು."

ಅವಳು ಬೋರ್ಡಿನ ಮೇಲೆ ಬರೆಯುವ ಸದ್ದು:

300 ÷ 300 = P ÷ 330
P = 330

"ನಿಜವಾದ ಒತ್ತಡ ಮುನ್ನೂರ ಮೂವತ್ತು. ಅದರಲ್ಲಿ ಹೊರಗಿನ ನೂರು ಕಳೆದ್ರೆ ಮೀಟರ್ ತೋರಿಸೋದು ಇನ್ನೂರ ಮೂವತ್ತು."

ಓಹ್ ಎಂದು ಇಡೀ ತರಗತಿ ಉಸಿರುಬಿಟ್ಟಿತು. ಆ 'ಓಹ್' ನನ್ನದು. ಆ ಎರಡು ಹೊಂಡಗಳೂ ನನ್ನವು. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ 'ಮೊದಲನೇ ಹೊಂಡ, ಎರಡನೇ ಹೊಂಡ' ಎಂದು ಬರೆದಿದ್ದವಳು ನಾನು. ಆದರೆ ಗಾಡಿಯಲ್ಲಿ ಕೂರಲ್ಲ ಎಂಬ ಮಾತು ಅವಳದು. ಮಕ್ಕಳಿಗೆ ನೆನಪಿರುವುದು ಅದೇ.

ಅವಳು ಕದಿಯಲಿಲ್ಲ ಎಂಬುದು ಇನ್ನೂ ಕಷ್ಟ. ಕದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಲೆಕ್ಕ ಎಲ್ಲಾ ನನ್ನ ತಂಗೀದು," ಎಂದು ಹೇಳಿಬಿಟ್ಟಿದ್ದಳು. "ಹೌದಾ, ಪಾಪ," ಎಂದು ಅವರೆಲ್ಲ ಚಹಾ ಕುಡಿದರು. ಅವಳು ನನ್ನನ್ನು ಹೊಗಳಿದಾಗಲೂ ಜನ ಹೊಗಳುವುದು ಅವಳ ದೊಡ್ಡ ಮನಸ್ಸನ್ನು.

ಮನೆಯಲ್ಲಿ ಅಮ್ಮನದೂ ಅದೇ ರಾಗ. "ನಿಮ್ಮಕ್ಕನ ಪಾಠ ಅಂದ್ರೆ ಮಕ್ಕಳು ಬಿಡುವಿನ ಗಂಟೆ ಹೊಡೆದ್ರೂ ಏಳಲ್ವಂತೆ?"

"ಹ್ಞೂಂ."

"ನೀನೂ ಸ್ವಲ್ಪ ಬಾಯಿ ಬಿಟ್ಟಿದ್ರೆ..."

"ಅಮ್ಮಾ."

"ನಾನೇನಂದೆ ಈಗ? ಹೊಟ್ಟೆಗಾದ್ರೂ ಹಾಕ್ಕೋ, ಬಾಯಿ ಬಿಡು."

ನಾನು ಡೈರಿಯಲ್ಲಿ ಒಂದು ಲೆಕ್ಕ ಬರೆದೆ. ತಾಪ, ಒತ್ತಡ, ಗಾತ್ರ ಮೂರೂ ಒಟ್ಟಿಗೆ ಬದಲಾಗಬಹುದಾದ ಜಾತಿಯ ಲೆಕ್ಕ. 27 ಡಿಗ್ರಿಯಲ್ಲಿ, 100 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ 600 ಮಿಲಿಲೀಟರ್ ಅನಿಲವಿದೆ. ಅದನ್ನು 57 ಡಿಗ್ರಿಗೆ ಕಾಯಿಸಿ, ಒತ್ತಡವನ್ನು 110ಕ್ಕೆ ಏರಿಸಿದರೆ ಗಾತ್ರವೆಷ್ಟು?

(100 × 600) ÷ 300 = (110 × V) ÷ 330
200 = V ÷ 3
V = 600

ತಾಪ ಏರಿತು, ಒತ್ತಡ ಏರಿತು, ಗಾತ್ರ ಮಾತ್ರ ಇದ್ದಲ್ಲೇ ಇದೆ. ಹೊರಗಿನಿಂದ ನೋಡಿದವರಿಗೆ ಒಳಗೆ ಏನೂ ಆಗಿಲ್ಲ. ಉತ್ತರದ ಕೆಳಗೆ ಎರಡು ಗೆರೆ ಎಳೆದು 'ಇದು ನಾನು' ಎಂದು ಬರೆದೆ.

ಮಂಗಳವಾರ ಪ್ರಿನ್ಸಿಪಾಲರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. ಅವರದು ಸದಾ ಅವಸರ, ನಿಂತೇ ಇರುವಾಗಲೂ ಎಲ್ಲಿಗೋ ಹೊರಟವರಂತೆ ಕಾಣುತ್ತಾರೆ. "ಶುಕ್ರವಾರ ನಿಮ್ಮಕ್ಕನ ತರಗತಿಲಿ ಕೂತ್ಕೋತೀನಿ. ಆರು ತಿಂಗಳು ಮುಗೀತಲ್ಲ, ಖಾಯಂ ಮಾಡೋದಾ ಬಿಡೋದಾ ಅವತ್ತೇ ತೀರ್ಮಾನ. ನಗಿಸ್ತಾರೆ ಅನ್ನೋದು ಗೊತ್ತು, ಪ್ರಯೋಗ ಮಾಡಿ ತೋರಿಸ್ತಾರಾ ಅನ್ನೋದು ನೋಡ್ಬೇಕು." ಎರಡು ಮೆಟ್ಟಿಲು ಹತ್ತಿದವರು ತಿರುಗಿದರು. "ಅದು ಸರಿಹೋಗಲಿಲ್ಲ ಅಂದ್ರೆ ಹೊರಗೆ ಹುಡುಕಲ್ಲಮ್ಮ, ನಿಮ್ಮನ್ನೇ ಕೇಳ್ತೀನಿ. ಅಂಕ ನಿಮ್ಮದೇ ಜಾಸ್ತಿ ಇತ್ತು, ನನಗೆ ನೆನಪಿದೆ."

ನೆನಪಿದೆ. ಆ ಒಂದು ಪದ ನನ್ನೊಳಗೆ ಮೂರು ದಿನ ಓಡಾಡಿತು.

ಇಲ್ಲಿ ಉಪಕರಣದ ಬಗ್ಗೆ ಹೇಳಬೇಕು. ಅದು ಸರಳವಾದದ್ದು: ಅರವತ್ತು ಮಿಲಿಲೀಟರಿನ ದಪ್ಪ ಸಿರಿಂಜ್, ಅದರ ಮೂತಿಗೆ ಒಂದು ಕೊಳವೆ, ಕೊಳವೆಯ ತುದಿಗೆ ಒತ್ತಡದ ಮೀಟರ್. ಈ ಮೀಟರ್ ಟೈರಿನದರಂತಲ್ಲ, ಹೊರಗಿನ ಗಾಳಿಯನ್ನೂ ಸೇರಿಸಿ ನಿಜವಾದ ಒತ್ತಡವನ್ನೇ ತೋರಿಸುತ್ತದೆ. ಸುಮ್ಮನೆ ಇಟ್ಟರೆ ಮುಳ್ಳು ನೂರರ ಮೇಲಿರುತ್ತದೆ. ಸಿರಿಂಜಿನ ಪಿಸ್ಟನ್ ಒತ್ತಿದರೆ ಒಳಗಿನ ಗಾಳಿಯ ಗಾತ್ರ ಇಳಿಯುತ್ತದೆ, ಒತ್ತಡ ಏರುತ್ತದೆ. ಎರಡನ್ನೂ ಗುಣಿಸಿದರೆ ಪ್ರತಿ ಸಲವೂ ಒಂದೇ ಉತ್ತರ ಬರಬೇಕು.

ಹಿಂದಿನ ವಾರ ಅಕ್ಕ ಅದನ್ನು ಮಾಡಿ ನೋಡಿದ್ದಳು. ಸರಿಯಾಗಿ ಬಂದಿತ್ತು. ಆಗ ಸಿರಿಂಜಿಗೂ ಮೀಟರಿಗೂ ನಡುವೆ ಇದ್ದದ್ದು ಬೆರಳ ಗೆಣ್ಣಿನಷ್ಟು ಕೊಳವೆ. "ಮೀಟರ್ ಮೇಜಿನ ಮೇಲೆ ಮಲಗಿರುತ್ತೆ, ಕೊನೆ ಬೆಂಚಿನವರಿಗೆ ಕಾಣಲ್ಲ ಕಣೇ. ಎತ್ತರದಲ್ಲಿ ನಿಲ್ಲಿಸಿ ಕೊಡು," ಎಂದು ಕೇಳಿಕೊಂಡಳು. ಬುಧವಾರ ನಾನು ಮೀಟರನ್ನು ಸ್ಟ್ಯಾಂಡಿಗೆ ಕಟ್ಟಿ, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಹೊಸ ಕೊಳವೆ ಹಾಕಿದೆ. ಉದ್ದದ ಕೊಳವೆಯೆಂದರೆ ಅದರೊಳಗೂ ಗಾಳಿ. ಸಿರಿಂಜಿನ ಗೆರೆಗಳು ಸಿರಿಂಜಿನೊಳಗಿನ ಗಾಳಿಯನ್ನಷ್ಟೇ ಹೇಳುತ್ತವೆ, ಮೀಟರ್ ಎರಡನ್ನೂ ಸೇರಿಸಿ ಅಳೆಯುತ್ತದೆ. ಹಾಗಾಗಿ ಕೊಳವೆಗೆ ನೀರು ತುಂಬಿ, ಆ ನೀರನ್ನು ಅಳತೆಯ ಜಾಡಿಗೆ ಸುರಿದು ನೋಡಿದೆ. ಸರಿಯಾಗಿ ಐದು ಮಿಲಿಲೀಟರ್. ಮೀಟರಿನೊಳಗಿನ ಸಂದು ಲೆಕ್ಕಕ್ಕೆ ಬಾರದಷ್ಟು. ಕೊಳವೆಯನ್ನು ಒಣಗಿಸಿ ಮತ್ತೆ ಜೋಡಿಸಿದೆ.

ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿದೆ. ಯಾವ ಉಪಕರಣಕ್ಕೆ ಏನು ದೋಷವಿದೆಯೋ, ಎಷ್ಟು ಕೂಡಿಸಬೇಕೋ ಕಳೆಯಬೇಕೋ, ಅದನ್ನು ರಟ್ಟಿನ ಚೀಟಿಯಲ್ಲಿ ಬರೆದು ದಾರದಿಂದ ಅದಕ್ಕೇ ಕಟ್ಟಬೇಕು. ತಕ್ಕಡಿಗೊಂದು ಚೀಟಿ, ಥರ್ಮಾಮೀಟರಿಗೊಂದು ಚೀಟಿ. ಪಾಠ ಮಾಡುವವರು ಚೀಟಿ ನೋಡುತ್ತಾರೆ, ಚೀಟಿ ಇಲ್ಲದಿದ್ದರೆ ದೋಷವಿಲ್ಲವೆಂದೇ ಅರ್ಥ. ನಾನು ಬರೆದೆ: 'ಕೊಳವೆಯಲ್ಲಿ 5 ಮಿ.ಲೀ. ಗಾಳಿ ಇದೆ. ಸಿರಿಂಜಿನ ಪ್ರತಿ ಅಳತೆಗೂ 5 ಕೂಡಿಸಿ.' ಸ್ಟ್ಯಾಂಡಿನ ಕುತ್ತಿಗೆಗೆ ಕಟ್ಟಿದೆ. ಎರಡು ಗಂಟು ಹಾಕಿದೆ.

ಗುರುವಾರ ಮಧ್ಯಾಹ್ನ ಅದೇ ಗಂಟುಗಳನ್ನು ಬಿಚ್ಚಿದೆ.

ಯಾಕೆ ಎಂದರೆ ದೊಡ್ಡ ಕಾರಣವೇನೂ ಇರಲಿಲ್ಲ. ಬಾಗಿಲಾಚೆ ಮಕ್ಕಳು ನಕ್ಕರು, ಅಷ್ಟೆ. ನನ್ನ ಬೆರಳುಗಳು ದಾರದ ಮೇಲಿದ್ದವು, ಗಂಟು ಗಟ್ಟಿಯಾಗಿದೆಯಾ ಎಂದು ನೋಡುತ್ತಿದ್ದೆ. ಇನ್ನೊಮ್ಮೆ ನಕ್ಕರು. ಗಂಟು ಬಿಚ್ಚಿತ್ತು. ಚೀಟಿಯನ್ನು ಡೈರಿಯೊಳಗೆ, 'ಇದು ನಾನು' ಎಂದು ಬರೆದ ಪುಟದಲ್ಲಿ ಇಟ್ಟೆ. ಡೈರಿ ನನ್ನ ಬಿಳಿ ಕೋಟಿನ ಜೇಬಿನಲ್ಲಿ ಇರುತ್ತದೆ.

ತರಗತಿ ಮುಗಿಸಿ ಅಕ್ಕ ಒಳಗೆ ಬಂದಳು, ಕೈತುಂಬ ಸೀಮೆಸುಣ್ಣದ ಪುಡಿ. ಎತ್ತರದಲ್ಲಿ ನಿಂತ ಮೀಟರನ್ನು ನೋಡಿ ಮುಖ ಅರಳಿತು. "ಅಬ್ಬಾ, ಬಸ್ ಸ್ಟಾಪಿನಿಂದಲೂ ಕಾಣುತ್ತೆ! ಬಿರಡೆ, ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು. ಎಲ್ಲಾ ಮುಂಚಿನ ಹಾಗೇ ತಾನೇ? ಮತ್ತೆ ಮಾಡಿ ನೋಡ್ಬೇಕಾ?"

ಅವಳು ಸ್ಟ್ಯಾಂಡಿನ ಕುತ್ತಿಗೆಯನ್ನು ನೋಡಿದಳು. ಚೀಟಿ ಇರಲಿಲ್ಲ.

"ಹ್ಞೂಂ... ಮುಂಚಿನ ಹಾಗೇ," ಎಂದೆ. ಆ ದಿನ ನಾನಾಡಿದ ಅತಿ ಉದ್ದದ ವಾಕ್ಯ ಅದು.

ಶುಕ್ರವಾರ ಮೂರನೇ ಅವಧಿ. ಉಪಕರಣವನ್ನು ತರಗತಿಯ ಮೇಜಿನ ಮೇಲೆ ಇಟ್ಟು ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ಪ್ರಯೋಗ ನಡೆಯುವಾಗ ಸಹಾಯಕಿ ಇರಬೇಕೆಂಬುದು ನಿಯಮ. ಪ್ರಿನ್ಸಿಪಾಲರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ತೊಡೆಯ ಮೇಲೆ ಪುಸ್ತಕ ಬಿಡಿಸಿದರು. ಮಕ್ಕಳು ಎಂದಿಗಿಂತ ನೆಟ್ಟಗೆ ಕೂತಿದ್ದರು. ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನೀಲಿ ಸೀರೆ ಅವಳಿಗೆ ಒಪ್ಪುತ್ತದೆ. ಅವಳಿಗೆ ಎಲ್ಲವೂ ಒಪ್ಪುತ್ತದೆ.

"ಸಿರಿಂಜಿನಲ್ಲಿ ಐವತ್ತೈದು ಮಿಲಿಲೀಟರ್ ಗಾಳಿ. ಮೀಟರ್ ನೂರು. ಗುಣಿಸಿದ್ರೆ?"

"ಐದು ಸಾವಿರದ ಐನೂರು ಮಿಸ್!"

"ಈಗ ನಾನು ಒತ್ತೋ ಮುಂಚೆ ನೀವು ಹೇಳ್ಬೇಕು. ಇಪ್ಪತ್ತೈದಕ್ಕೆ ಒತ್ತಿದ್ರೆ ಮೀಟರ್ ಎಷ್ಟು?"

ಪೆನ್ನುಗಳ ಸದ್ದು. "ಐದು ಸಾವಿರದ ಐನೂರು ಭಾಗಿಸು ಇಪ್ಪತ್ತೈದು... ಇನ್ನೂರ ಇಪ್ಪತ್ತು!"

"ಶಾಭಾಷ್. ಹಂತ ಹಂತವಾಗಿ ಹೋಗೋಣ. ನಿಧಾನಕ್ಕೆ ಒತ್ತಬೇಕು. ಬೇಗ ಒತ್ತಿದ್ರೆ ಗಾಳಿ ಬಿಸಿಯಾಗುತ್ತೆ, ಆಗ ಬಾಯ್ಲ್ ನಿಯಮದ ಷರತ್ತೇ ಮುರಿಯುತ್ತೆ."

ನಲವತ್ತೈದಕ್ಕೆ ಒತ್ತಿ ಅರ್ಧ ನಿಮಿಷ ಕಾದಳು. ನೂರ ಇಪ್ಪತ್ತೆರಡು ಬರಬೇಕಿತ್ತು, ಮುಳ್ಳು ನೂರ ಇಪ್ಪತ್ತರಲ್ಲಿ ನಿಂತಿತು. "ಒಂದೆರಡು ಆಚೀಚೆ ಆಗುತ್ತೆ, ಪರವಾಗಿಲ್ಲ." ಮೂವತ್ತೈದಕ್ಕೆ ಒತ್ತಿದಳು. ನೂರ ಐವತ್ತೇಳರ ಬದಲು ನೂರ ಐವತ್ತು. ಅವಳ ಹುಬ್ಬು ಸ್ವಲ್ಪ ಗಂಟಾಯಿತು. ಇಪ್ಪತ್ತೈದು. ಇಡೀ ತರಗತಿ ಇನ್ನೂರ ಇಪ್ಪತ್ತಕ್ಕಾಗಿ ಕತ್ತೆತ್ತಿತ್ತು. ಎತ್ತರದ ಮೀಟರಿನಲ್ಲಿ ಮುಳ್ಳು ಇನ್ನೂರರ ಮೇಲೆ ಹೋಗಿ ಕೂತಿತು, ಕೊನೆಯ ಬೆಂಚಿಗೂ ಚೆನ್ನಾಗಿ ಕಾಣುವ ಹಾಗೆ.

ಅವಳು ಹಲ್ಲು ಕಚ್ಚಿ, ಎರಡೂ ಕೈಯಿಂದ ಹದಿನೈದರವರೆಗೂ ಒತ್ತಿದಳು. ಮುನ್ನೂರ ಅರವತ್ತೇಳರ ಹತ್ತಿರ ಬರಬೇಕಿತ್ತು. ಮುನ್ನೂರು. ಬೋರ್ಡಿನ ಮೇಲೆ ಪಟ್ಟಿ ನಿಂತಿತ್ತು:

55 × 100 = 5500
45 × 120 = 5400
35 × 150 = 5250
25 × 200 = 5000
15 × 300 = 4500

"ಮಿಸ್, ಬಾಯ್ಲ್ ಅವರು ತಪ್ಪು ಹೇಳಿದ್ರಾ?" ಒಬ್ಬ ಕೇಳಿದ. ಮಕ್ಕಳು ನಕ್ಕರು. ಈ ಸಲ ಆ ನಗು ಬೇರೆ ಥರದ್ದು. ಬಾಗಿಲಾಚೆಯಿಂದ ಇಷ್ಟು ದಿನ ಕೇಳಿದ್ದರಲ್ಲಿ ಆ ಥರದ ನಗು ಒಂದೂ ಇರಲಿಲ್ಲ. ನನಗೆ ಹಿತವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾಯಿತು, ಬಿಸಿ ನೀರಿಗೆ ಕಾಲಿಟ್ಟ ಹಾಗೆ.

ಪ್ರಿನ್ಸಿಪಾಲರು ಕೆಮ್ಮಿದರು. "ಬೇಗ ಒತ್ತಿಬಿಟ್ರೇನೋ? ಬಿಸಿಯಾಗಿರಬೇಕು."

"ಬಿಸಿಯಾಗಿದ್ರೆ ಒತ್ತಡ ಜಾಸ್ತಿ ಬರ್ಬೇಕಿತ್ತು ಸರ್. ಇಲ್ಲಿ ಕಡಿಮೆ ಬರ್ತಿದೆ."

"ಹಾಗಾದ್ರೆ ಎಲ್ಲೋ ಸೋರ್ತಿದೆ."

"ನೋಡೋಣ ಸರ್." ಅವಳು ಪಿಸ್ಟನ್ನನ್ನು ನಿಧಾನವಾಗಿ ಹಿಂದಕ್ಕೆ, ಐವತ್ತೈದಕ್ಕೇ ತಂದಳು. "ಸೋರಿದ್ರೆ ಒಳಗೆ ಗಾಳಿ ಕಡಿಮೆಯಾಗಿರುತ್ತೆ, ಮುಳ್ಳು ನೂರಕ್ಕೆ ವಾಪಸ್ ಬರಲ್ಲ." ಮುಳ್ಳು ಇಳಿಯಿತು, ಇಳಿದು ಸರಿಯಾಗಿ ನೂರರ ಮೇಲೆ ನಿಂತಿತು. "ಸೋರ್ತಿಲ್ಲ ಸರ್."

ನಾನು ಗೋಡೆಯಿಂದ ಬೆನ್ನು ತೆಗೆದೆ. ಬರಿ ಮಾತಿನ ಮಲ್ಲಿ ಎಂದುಕೊಂಡಿದ್ದೆ ಅವಳನ್ನು. ಅಷ್ಟು ಜನರೆದುರು, ಕೆಲಸ ಹೋಗುವ ಹೊತ್ತಿನಲ್ಲಿ, ಅವಳು ಎರಡು ಕಾರಣಗಳನ್ನು ಒಂದಾದಮೇಲೊಂದು ಹೊಡೆದುಹಾಕಿದ್ದಳು. ನಾನಾಗಿದ್ದರೆ ಸೀಮೆಸುಣ್ಣವನ್ನು ಕೈಯಿಂದ ಕೈಗೆ ಬದಲಾಯಿಸುತ್ತಿದ್ದೆ. ಇಷ್ಟು ದಿನ ನನಗೆ ಅವಳ ನಾಲಿಗೆಯ ಮೇಲೆ ಹೊಟ್ಟೆಕಿಚ್ಚು ಇತ್ತು. ಈಗ ಅವಳ ತಲೆಯ ಮೇಲೂ ಹತ್ತಿಕೊಂಡಿತು.

"ಉಪಕರಣ ಸಿದ್ಧ ಮಾಡಿದ್ದು ಯಾರು?" ಪ್ರಿನ್ಸಿಪಾಲರು ಕೇಳಿದರು.

ಅಕ್ಕ ಹಿಂದಿನ ಗೋಡೆಯತ್ತ ನೋಡಲೇ ಇಲ್ಲ. "ಉಪಕರಣದ ಮೇಲೆ ಅನುಮಾನ ಬೇಡ ಸರ್. ಅದು ನಮ್ಮ ಲ್ಯಾಬಿನವರ ಕೈ. ಆ ಕೈಲಿ ತಪ್ಪಾಗಲ್ಲ. ಎಲ್ಲೋ ನಾನೇ ತಪ್ಪಿದೀನಿ, ಎಲ್ಲಿ ಅಂತ ಗೊತ್ತಾಗ್ತಿಲ್ಲ, ಅಷ್ಟೆ."

ಒಳ್ಳೆಯತನದಲ್ಲೂ ಏಳು ತಿಂಗಳು ಮುಂದೆ! ಆ ಕ್ಷಣದಲ್ಲಿ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ನನ್ನ ಮೇಲೆ ಸ್ವಲ್ಪ ತಪ್ಪು ಹೊರಿಸಬಾರದಾಗಿತ್ತೇ ಇವಳು? ಹೊರಿಸಿದ್ದರೆ ನಾನೂ ಅವಳನ್ನು ಒಂದು ಸಲ ನೆಮ್ಮದಿಯಾಗಿ ದ್ವೇಷಿಸುತ್ತಿದ್ದೆ.

ಬೆಂಚುಗಳಲ್ಲಿ ರಬ್ಬರು ಉಜ್ಜುವ ಸದ್ದು ಶುರುವಾಯಿತು. ಎಲ್ಲರೂ ಅಳಿಸಿ ಬರೆಯುತ್ತಿದ್ದರು. ನೂರ ಇಪ್ಪತ್ತನ್ನು ನೂರ ಇಪ್ಪತ್ತೆರಡು ಮಾಡಿ, ಇನ್ನೂರನ್ನು ಇನ್ನೂರ ಇಪ್ಪತ್ತು ಮಾಡಿ. ಉತ್ತರ ಒಂದೇ ಬರಬೇಕಲ್ಲ, ಬರಿಸುತ್ತಿದ್ದರು. ನಾವೂ ಹಾಗೇ ಮಾಡಿದವರೇ. ಒಬ್ಬಳು ಮಾತ್ರ ಅಳಿಸುತ್ತಿರಲಿಲ್ಲ. ಕೊನೆ ಬೆಂಚಿನ ಮೂಲೆಯ ಹುಡುಗಿ, ನನ್ನ ಮೊಣಕೈಯ ಕೆಳಗೇ ಕೂತಿದ್ದವಳು. ಸೋಮವಾರ ಬೀಕರ್ ಒಡೆದುಕೊಂಡವಳು ಅವಳೇ, ಬೆರಳಿಗೆ ಇನ್ನೂ ಪಟ್ಟಿಯಿತ್ತು. ನೋಟ್‌ಬುಕ್ಕಿನ ಕೆಳಗಿನ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅವಳು ಬರೆದಿದ್ದಳು:

ಕಾಣದ ಗಾಳಿ x ಇದ್ದರೆ?
(55 + x) × 100 = (25 + x) × 200
5500 + 100x = 5000 + 200x
500 = 100x
x = 5

ಅದರ ಕೆಳಗೆ ತಾಳೆ ನೋಡಿದ್ದಳು: 60 × 100 = 6000. 50 × 120 = 6000. 40 × 150 = 6000. 30 × 200 = 6000. 20 × 300 = 6000.

ನಾನು ನೀರು ತುಂಬಿ ಅಳೆದದ್ದನ್ನು ಅವಳು ಕೊಳವೆಯನ್ನು ಮುಟ್ಟದೆ ಕಂಡುಹಿಡಿದಿದ್ದಳು. ಕೈ ಎತ್ತುತ್ತಾಳೆ ಎಂದು ಕಾದೆ. ಅವಳು ಸುತ್ತ ನೋಡಿ, ಬೆರಳಿಗೆ ಪಟ್ಟಿ ಕಟ್ಟಿದ್ದ ಕೈಯನ್ನು ಉತ್ತರದ ಮೇಲೆ ಇಟ್ಟು ಮುಚ್ಚಿಕೊಂಡಳು. ನಾನು ನೋಡಿದ್ದು ಗೊತ್ತಾಗಿ ತಲೆಯೆತ್ತಿದಳು. ಬೇಡ, ಹೇಳ್ಬೇಡಿ, ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು.

ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಅದರ ಒಳಗಿನದೂ ಗೊತ್ತು: ತಪ್ಪಾದರೆ, ನಕ್ಕರೆ, ಧ್ವನಿ ನಡುಗಿದರೆ. ಆರೇಳು ವರ್ಷ ಹೀಗೇ ಮುಚ್ಚಿಕೊಂಡರೆ ಇವಳೂ ಒಂದು ಗೋಡೆಗೆ ಒರಗಿ ನಿಂತು ದಿನಕ್ಕೆ ಎಷ್ಟು ಪದ ಆಡಿದೆ ಎಂದು ಎಣಿಸುತ್ತಾಳೆ. ಮುಚ್ಚಿಟ್ಟುಕೊಂಡದ್ದು ಒಳಗೇ ಕೊಳೆತು, ಒಂದು ಮಧ್ಯಾಹ್ನ ಯಾರದೋ ಗಂಟು ಬಿಚ್ಚುತ್ತಾಳೆ. ಅವಳು ಮುಚ್ಚಿದ್ದು ನಾಚಿಕೆಗೆ. ನಾನು ಮುಚ್ಚಿದ್ದು ಏತಕ್ಕೆ? ಇಷ್ಟು ವರ್ಷ ಎರಡನ್ನೂ ಸಂಕೋಚ ಎಂದೇ ಕರೆದುಕೊಂಡು ಬಂದಿದ್ದೆ.

ಪ್ರಿನ್ಸಿಪಾಲರು ಪುಸ್ತಕದಲ್ಲಿ ಏನೋ ಒಂದು ಸಾಲು ಬರೆದು ಮುಚ್ಚಿದರು. ಕುರ್ಚಿ ಹಿಂದಕ್ಕೆ ಸರಿಯಿತು. "ಇರಲಿ ಬಿಡಿ. ಆಮೇಲೆ ಚೇಂಬರಿಗೆ ಬನ್ನಿ, ಮಾತಾಡೋಣ." ಬಾಗಿಲತ್ತ ಹೊರಟರು. ಹೋಗುವಾಗ ನನ್ನತ್ತ ನೋಡಿ ಸಣ್ಣಗೆ ತಲೆದೂಗಿದರು, ನೆನಪಿದೆ ಎಂಬಂತೆ.

ಅಕ್ಕ ಬೋರ್ಡಿಗೆ ಮುಖ ಮಾಡಿ ನಿಂತಿದ್ದಳು. ಅಳಿಸುವ ಬಟ್ಟೆ ಕೈಯಲ್ಲಿತ್ತು, ಅಳಿಸುತ್ತಿರಲಿಲ್ಲ. 4500ರ ಎದುರು ನಿಂತು ಅದನ್ನೇ ಓದುತ್ತಿದ್ದಳು. ಅವಳು ಮಾತಿಲ್ಲದೆ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ನೋಡಿದೆ. ನೀಲಿ ಸೀರೆಯ ಬೆನ್ನು, ಸುಣ್ಣದ ಕೈ. ಅದು ನನ್ನದೇ ಬೆನ್ನಿನಂತೆ ಕಂಡಿತು.

ಕೋಟಿನ ಜೇಬಿಗೆ ಕೈಹಾಕಿದೆ. ಡೈರಿಯ ನಡುವೆ ರಟ್ಟಿನ ಅಂಚು ಸಿಕ್ಕಿತು, ದಾರ ಬೆರಳಿಗೆ ಸುತ್ತಿಕೊಂಡಿತು. ಎಳೆದು ಹೊರಗೆ ತೆಗೆದೆ. ಗೋಡೆ ಬಿಟ್ಟು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ರಬ್ಬರುಗಳ ಸದ್ದು ನಿಂತಿತು. ನಲವತ್ತು ತಲೆಗಳು ತಿರುಗಿದವು, ಬಾಗಿಲಲ್ಲಿ ಪ್ರಿನ್ಸಿಪಾಲರು ತಿರುಗಿದರು, ಕೊನೆಗೆ ಅಕ್ಕನೂ ತಿರುಗಿದಳು. ಮೇಡಂ ಎಂದು ಶುರುಮಾಡಲು ಹೋದೆ, ಆ ಪದ ಬರಲಿಲ್ಲ.

"ಅಕ್ಕಾ," ಎಂದೆ. ನನ್ನ ಧ್ವನಿ ನಾನು ಅಂದುಕೊಂಡದ್ದಕ್ಕಿಂತ ದಪ್ಪಗಿತ್ತು. "ಕೊಳವೆಲಿ ಐದು ಮಿಲಿಲೀಟರ್ ಗಾಳಿ ಇದೆ ಅಂತ ಬರೆದ ಚೀಟಿ ಇದು. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ನಾನೇ ಬಿಚ್ಚಿಟ್ಕೊಂಡೆ."